ಟೆಂಪೋ ಬಾಡಿಗಿ: ಕಿಲೋಮೀಟರ್ ಲೆಕ್ಕನೋ, ಫಿಕ್ಸ್ ರೇಟೋ? ಖಾಲಿ ಬರೋ ಗಾಡಿ ಖರ್ಚು ಯಾರ ತಲಿಗೆ?

"ಕಿಲೋಮೀಟರಿಗೆ 20 ರೂಪಾಯಿ" ಅಂತ ಫೋನ್‌ನಾಗ ಮಾತಾಗಿರ್ತೈತಿ, ಬಳ್ಳಾರಿಯಿಂದ ಸಿಂಧನೂರಿಗೆ ಮಾಲು ಇಳಿಸಿದ ಮ್ಯಾಲೆ ಜಗಳ ಶುರು. ಅಂಗಡಿ ಸಾವ್ಕಾರ್ರು 90 ಕಿಲೋಮೀಟರ್ ಲೆಕ್ಕ ಹಾಕಿ 1,800 ಕೊಡಾಕ ಬರ್ತಾರ, ಡ್ರೈವರ್ ಅಪ್-ಡೌನ್ 180 ಹಾಕಿ 3,600 ಕೇಳ್ತಾನ. ಇಬ್ರೂ ಸುಳ್ಳು ಹೇಳಾಕತ್ತಿಲ್ಲ, ಇಬ್ರೂ ಒಪ್ಪಿದ್ದು 20 ರೂಪಾಯಿಗೇನೇ, ಆದ್ರ ಖಾಲಿ ಬರೋ 90 ಕಿಲೋಮೀಟರ್ ಆ 20 ರೂಪಾಯಿ ಒಳಗ ಐತೋ ಹೊರಗ ಐತೋ ಅನ್ನೋದನ್ನ ಯಾರೂ ಬಾಯಿಬಿಟ್ಟು ಹೇಳಿರಂಗಿಲ್ಲ. ಕೊನಿಗೆ ಎಲ್ಲೋ ನಡುವ 2,300ಕ್ಕೋ 2,500ಕ್ಕೋ ಕೈ ಮುಗಿದು ಹೋಗ್ತಾರ, ಗಾಡಿಯವನಿಗೆ ಆವತ್ತು ಲಾಭ ಆತೋ ಲುಕ್ಸಾನ ಆತೋ ಅವನಿಗೇ ಗೊತ್ತಿರಂಗಿಲ್ಲ.

ಇದನ್ನ ಸರಿಯಾಗಿ ಬಿಡಿಸಿ ನೋಡೋಣ ಅಂತ ಬರೀತಾ ಇದೀನಿ. ಗಾಡಿ ಅಂದ್ರ ಇಲ್ಲಿ ಟಾಟಾ ಏಸ್ ತರದ್ದು, ನಮ್ಮ ಕಡೆ ಛೋಟಾ ಹಾಥಿ ಅಂತಾರಲ್ಲ, ಮುಕ್ಕಾಲು ಟನ್ ಹೊರೋ ಡೀಸೆಲ್ ಗಾಡಿ. ಬೊಲೆರೋ ಪಿಕಪ್ಪಿಗೋ ಲೇಲ್ಯಾಂಡ್ ದೋಸ್ತ್ ಗಾಡಿಗೋ ಅಂಕಿ ದೊಡ್ಡವಾಗ್ತಾವ, ಲೆಕ್ಕದ ದಾರಿ ಮಾತ್ರ ಅದೇ. ಕೆಳಗ ನಾನು ಹಾಕಿರೋ ಅಂಕಿ ಉದಾಹರಣಿಗೆ ಹಿಡಿದದ್ದು, ನಿಮ್ಮ ಗಾಡಿ ಕಂತು ನಿಮ್ಮ ಮೈಲೇಜ್ ಹಾಕ್ಕೊಂಡು ನೋಡ್ರಿ.

ಮೊದಲು ಗಾಡಿ ಮನಿ ಮುಂದ ನಿಂತ್ರೂ ತಿನ್ನೋ ಖರ್ಚು. ಲೋನ್ ಕಂತು ತಿಂಗಳಿಗೆ 11,000, ಡ್ರೈವರ್ ಪಗಾರ 15,000 (ಮಾಲೀಕ ತಾನೇ ಓಡಿಸಿದ್ರೂ ಇದನ್ನ ಹಿಡೀಲೇಬೇಕು, ಇಲ್ಲಂದ್ರ ತನ್ನ ದುಡಿಮಿನ ಬಿಟ್ಟಿ ಆದಂಗ), ಇನ್ಶೂರೆನ್ಸು ಎಫ್‌ಸಿ ಟ್ಯಾಕ್ಸು ಎಲ್ಲಾ ತಿಂಗಳಿಗೆ ಹಂಚಿದ್ರ 2,500, ಸಣ್ಣಪುಟ್ಟ ಖರ್ಚು 1,500. ಗೂಡ್ಸ್ ಗಾಡಿ ಥರ್ಡ್ ಪಾರ್ಟಿ ಒಂದೇ ವರ್ಷಕ್ಕ 16 ಸಾವಿರದ ಮ್ಯಾಲೆ ಐತಿ ಅಂತ ನೆನಪಿರ್ಲಿ, ಭಾಳ ಮಂದಿ ಇದನ್ನ ರಿನಿವಲ್ ಬಂದ ತಿಂಗಳು ಸಾಲ ಮಾಡಿ ಕಟ್ತಾರೇ ಹೊರತು ದಿನದ ಬಾಡಿಗಿಯಾಗ ಎತ್ತಿಡಂಗಿಲ್ಲ. ಒಟ್ಟು 30,000. ತಿಂಗಳಿಗೆ 24 ದಿನ ಕೆಲಸ ಸಿಕ್ತು ಅಂದ್ರ ದಿನಕ್ಕ 1,250. ದಿನಕ್ಕ ಎಂಟು ತಾಸು ಅಂದ್ರ ತಾಸಿಗೆ ಹತ್ರಹತ್ರ 156 ರೂಪಾಯಿ. ಈ 156ನ್ನ ಮರೀಬ್ಯಾಡ್ರಿ, ಮುಂದ ಬರ್ತೈತಿ.

ಇನ್ನ ಓಡಿದ್ದಕ್ಕ ಆಗೋ ಖರ್ಚು. ಡೀಸೆಲ್ 92 ಅಂತ ಹಿಡ್ಯೋಣ. ಲೋಡ್ ಇದ್ದಾಗ ಲೀಟರಿಗೆ 15 ಕಿಲೋಮೀಟರ್, ಖಾಲಿ ಬರುವಾಗ 19. ಟೈರು, ಆಯಿಲ್, ಸರ್ವೀಸು, ಬ್ರೇಕ್ ಲೈನರು, ಆಗಾಗ ಬರೋ ಗ್ಯಾರೇಜ್ ಬಿಲ್ಲು ಸೇರಿ ಕಿಲೋಮೀಟರಿಗೆ 2 ರೂಪಾಯಿ. ಲೋಡ್ ಗಾಡಿಗೆ ಕಿಲೋಮೀಟರಿಗೆ 8 ರೂಪಾಯಿ 10 ಪೈಸಾ ಬಿದ್ರ ಖಾಲಿ ಗಾಡಿಗೆ 6 ರೂಪಾಯಿ 85 ಪೈಸಾ. ವ್ಯತ್ಯಾಸ ಎಷ್ಟು? ಒಂದೂಕಾಲು ರೂಪಾಯಿ, ಅಷ್ಟೇ.

ಇಡೀ ಜಗಳದ ಬೇರು ಇಲ್ಲೇ ಐತಿ. ಮಾಲು ಕಳಿಸೋರ ತಲ್ಯಾಗ ಖಾಲಿ ಗಾಡಿ ಅಂದ್ರ ಖರ್ಚಿಲ್ಲದ ಗಾಡಿ. "ವಾಪಸ್ ನಿಮ್ಮ ಮನಿಗೆ ನೀವು ಹೋಗ್ತೀರಿ, ಅದಕ್ಕ ನಾನ್ಯಾಕ ದುಡ್ಡು ಕೊಡ್ಲಿ ಅಣ್ಣ" ಅಂತಾರ. ಆದ್ರ ಎಂಜಿನ್ನಿಗೆ, ಟೈರಿಗೆ, ಡ್ರೈವರ್ ಹೊಟ್ಟಿಗೆ ಮಾಲು ಐತೋ ಇಲ್ಲೋ ಅನ್ನೋದು ದೊಡ್ಡ ಫರಕ್ಕೇ ಅಲ್ಲ. ಖಾಲಿ ಬಂದ್ರ ಉಳಿಯೋದು 90 ಕಿಲೋಮೀಟರಿಗೆ ಬರೀ 115 ರೂಪಾಯಿ ಡೀಸೆಲ್ಲು. ಮಾಲು ಸಿಂಧನೂರಿಗೆ ಮುಟ್ಟಬೇಕು ಅಂದ್ರ ಗಾಡಿ ಸಿಂಧನೂರಿಂದ ವಾಪಸ್ ಬರ್ಲೇಬೇಕು, ಅದೂ ಆ ಟ್ರಿಪ್ಪಿನ ಭಾಗನೇ.

ಈಗ ಪೂರ್ತಿ ಟ್ರಿಪ್ ಲೆಕ್ಕ ಹಾಕೋಣ. ಬಳ್ಳಾರಿಯಿಂದ ಸಿರಗುಪ್ಪ ದಾಟಿ, ದಢೇಸುಗೂರು ಹತ್ರ ತುಂಗಭದ್ರಾ ಬ್ರಿಡ್ಜ್ ದಾಟಿ ಸಿಂಧನೂರು, ಒಂದ್ ಕಡಿಗೆ 90 ಅಂತ ಇಟ್ಕೊಳ್ರಿ. ಹೋಗುವಾಗ ಲೋಡಿಂದ 730, ಬರುವಾಗ ಖಾಲಿ 615. ಹೋಗಿ ಬರಾಕ ಐದು ತಾಸು, ಏರಿಸಾಕ ಒಂದು ತಾಸು, ಇಳಿಸಾಕ ಒಂದೂವರಿ ಎರಡು, ಅಲ್ಲಿಗೆ ದಿನ ಮುಗೀತು, ಬ್ಯಾರೆ ಬಾಡಿಗಿ ಹಿಡಿಯೋ ಮಾತೇ ಇಲ್ಲ, ಹಂಗಾಗಿ ದಿನದ 1,250 ಪೂರ್ತಿ ಇದರ ಮ್ಯಾಲೇ ಬೀಳ್ತೈತಿ. ಒಟ್ಟು ಸುಮಾರು 2,600. ಇದು ಅಸಲು ಮಾತ್ರ, ಇದ್ರಾಗ ಮಾಲೀಕನ ಲಾಭ ಒಂದು ರೂಪಾಯಿನೂ ಇಲ್ಲ, ಹಮಾಲಿ ಇಲ್ಲ, ದಾರ್‍ಯಾಗ ಟೋಲ್ ಇದ್ರ ಅದೂ ಇಲ್ಲ.

ಹಂಗಂದ್ರ ಸಾವ್ಕಾರ್ರು ಕೊಡಾಕ ಬಂದ 1,800ಕ್ಕ ಗಾಡಿಯವನಿಗೆ 800 ಲುಕ್ಸಾನ. ಡ್ರೈವರ್ ಕೇಳಿದ 3,600 ಅಂದ್ರ ಅಸಲಿನ ಮ್ಯಾಲೆ 1,000, ಅದೂ ಸ್ವಲ್ಪ ಜಾಸ್ತಿನೇ ಆತು ಅಂತೀನಿ ನಾನು. 2,900ರಿಂದ 3,000 ನ್ಯಾಯವಾದ ಬಾಡಿಗಿ, ಅಂದ್ರ ಅಪ್-ಡೌನ್ ಕಿಲೋಮೀಟರಿಗೆ 16-17 ರೂಪಾಯಿ, ಒನ್ ವೇ ಹೇಳೋದಾದ್ರ 32-33. ಒಂದೇ ದುಡ್ಡನ್ನ 16 ಅಂತನೂ ಹೇಳಬಹುದು 33 ಅಂತನೂ ಹೇಳಬಹುದು, ಅದಕ್ಕೇ ಬರೀ "ಕಿಲೋಮೀಟರಿಗೆ ಎಷ್ಟು" ಅಂತ ಕೇಳೋದ್ರಾಗ ಏನೂ ಅರ್ಥ ಇಲ್ಲ, "ಎಲ್ಲಿಂದ ಎಲ್ಲಿವರೆಗೆ ಎಣಸ್ತೀರಿ" ಅಂತನೂ ಕೇಳಬೇಕು. ಗಾಡಿ ಸ್ಟ್ಯಾಂಡಿಂದ ಹೊರಟ ಮೀಟರಿಂದ ಎಣಿಸೋದೋ, ಗೋಡೌನ್ ಗೇಟಿಂದ ಎಣಿಸೋದೋ ಅನ್ನೋದೂ ಸೇರ್ತೈತಿ ಇದ್ರಾಗ, ಊರೊಳಗ ನಾಲ್ಕೈದು ಕಿಲೋಮೀಟರ್ ಅಲ್ಲೇ ಹೋಗಿಬಿಡ್ತಾವ. ಹೊರಡುವಾಗ ಒಂದು, ವಾಪಸ್ ಬಂದಾಗ ಒಂದು ಮೀಟರ್ ಫೋಟೋ ತೆಗೆದು ಪಾರ್ಟಿ ವಾಟ್ಸಾಪಿಗೆ ಹಾಕಿದ್ರ ಅರ್ಧ ಜಗಳ ಇರಂಗಿಲ್ಲ.

ಹಂಗಾರ ಅಪ್-ಡೌನ್ 16 ಅಂತ ಫಿಕ್ಸ್ ಮಾಡಿ ಎಲ್ಲಾ ಟ್ರಿಪ್ಪಿಗೂ ಅದನ್ನೇ ಹೇಳಿದ್ರ ಆತಲ್ಲ ಅನ್ಸಬಹುದು. ಆಗಂಗಿಲ್ಲ. ಬಳ್ಳಾರಿ ಎಪಿಎಂಸಿಯಿಂದ ಕೌಲ್ ಬಜಾರಿಗೆ ಒಂದು ಲೋಡ್ ಹಾಕೋದನ್ನ ತಗೊಳ್ರಿ, ಐದು ಕಿಲೋಮೀಟರ್ ಅಂದ್ರ ಅಪ್-ಡೌನ್ 10, ಓಡಿದ ಖರ್ಚು 75 ರೂಪಾಯಿ. ಆದ್ರ ಹಮಾಲರಿಗೆ ಕಾಯೋದು, ಏರಿಸೋದು, ಸಣ್ಣ ಓಣ್ಯಾಗ ರಿವರ್ಸ್ ತಗೊಂಡು ಇಳಿಸೋದು ಎರಡು ತಾಸು, ತಾಸಿಗೆ 156ರಂತೆ 312. ಒಟ್ಟು 390 ಹತ್ರ. ಕಿಲೋಮೀಟರಿಗೆ 16 ಹಾಕಿದ್ರ ಬರೋದು 160! ಅದೇ 40 ಕಿಲೋಮೀಟರ್ ದೂರದ ಊರಿಗೆ ಹೋಗಿ ಬಂದ್ರ, ಐದು ತಾಸಿನ ಕೆಲಸ, ಅಸಲು 1,380, ಅಪ್-ಡೌನ್ ಕಿಲೋಮೀಟರಿಗೆ 17. ಸಿಂಧನೂರಿಗೆ 14 ರೂಪಾಯಿ 50 ಪೈಸಾ. 200 ಕಿಲೋಮೀಟರ್ ದೂರಕ್ಕ ಒಂದೂವರಿ ದಿನ ಹಿಡಿದು ಲೆಕ್ಕ ಹಾಕಿದ್ರ 12ರ ಹತ್ರ ಬರ್ತೈತಿ. ಅಂದ್ರ ದೂರ ಹೆಚ್ಚಾದಂಗ ಕಿಲೋಮೀಟರ್ ರೇಟ್ ತಾನೇ ಇಳೀತೈತಿ, ಒಂದೇ ರೇಟ್ ಇಟ್ಕೊಂಡು ಕೂತವನು ಹತ್ತಿರದ ಬಾಡಿಗಿಯಾಗ ಕಳ್ಕೊಂತಾನ, ದೂರದ ಬಾಡಿಗಿಗೆ ಜಾಸ್ತಿ ಹೇಳಿ ಗಿರಾಕಿ ಕಳ್ಕೊಂತಾನ.

ಊರೊಳಗ ಮತ್ತ ಇಪ್ಪತ್ತು ಕಿಲೋಮೀಟರ್ ಒಳಗ ಫಿಕ್ಸ್ ರೇಟೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ, ಯಾಕಂದ್ರ ಅಲ್ಲಿ ಮಾರೋದು ತಾಸನ್ನ, ರಸ್ತಿನಲ್ಲ. ಖಾಲಿ ಬರೋ ಪ್ರಶ್ನಿನೇ ಅಲ್ಲಿ ದೊಡ್ಡದಲ್ಲ.

ದೂರದ ಟ್ರಿಪ್ಪಿಗೆ ಫಿಕ್ಸ್ ರೇಟ್ ಅಂದಾಗ ಬ್ಯಾರೆ ತೊಂದ್ರೆ ಶುರುವಾಗ್ತೈತಿ. "ಸಿಂಧನೂರಿಗೆ 2,800 ಫಿಕ್ಸ್" ಅಂತ ಮಾತಾಡಿದ ಮ್ಯಾಲೆ ಮಾಲು ಕಳಿಸೋರಿಗೆ ಗಾಡಿ ತಾಸಿನ ಬೆಲಿನೇ ಇರಂಗಿಲ್ಲ. ಅಲ್ಲಿ ಗೋಡೌನ್ ಮುಂದ ಮಧ್ಯಾಹ್ನ ಹಮಾಲರು ಊಟಕ್ಕ ಹೋಗಿರ್ತಾರ, ಚಾವಿ ಇರೋರು ಬ್ಯಾಂಕಿಗೆ ಹೋಗಿರ್ತಾರ, ಗಾಡಿ ಮೂರು ತಾಸು ಬಿಸಲಾಗ ನಿಂತ್ರ 470 ರೂಪಾಯಿ ಹೋತು, 2,800ರಾಗ ಉಳಿಯಬೇಕಾಗಿದ್ದ 200 ಹೋಗಿ ಮ್ಯಾಲೆ 270 ಕೈಯಿಂದ ಬಿತ್ತು. ಕಿಲೋಮೀಟರ್ ರೇಟಿನಾಗೂ ಇದೇ ಗತಿ, ನಿಂತ ಗಾಡಿ ಮೀಟರ್ ಓಡಂಗಿಲ್ಲ. ಫಿಕ್ಸೋ ಕಿಲೋಮೀಟರೋ ಅಂತ ವಾದ ಮಾಡೋ ಮಂದಿ ಈ ಎರಡ್ರಾಗೂ ತಾಸಿಗೆ ರೇಟೇ ಇಲ್ಲ ಅನ್ನೋದನ್ನ ಗಮನಿಸೋದು ಕಮ್ಮಿ, ನನಗ ಭಾಳ ಸಂಕಟ ಆಗೋದು ಇಲ್ಲೇ, ಯಾಕಂದ್ರ ಡ್ರೈವರ್ ದುಡಿಮಿ ಸೋರಿ ಹೋಗೋದು ರಸ್ತ್ಯಾಗಲ್ಲ, ಗೋಡೌನ್ ಗೇಟಿನಾಗ.

ಡೀಸೆಲ್ ಜೊತಿ ಹೋಲಿಸಿ ನೋಡ್ರಿ. 2025ರ ಏಪ್ರಿಲ್‌ನಾಗ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಟ್ಯಾಕ್ಸ್ 21.17 ಪರ್ಸೆಂಟಿಗೆ ಏರಿಸಿ ಲೀಟರಿಗೆ 2 ರೂಪಾಯಿ ಜಾಸ್ತಿ ಆದಾಗ ಎಲ್ಲಾ ಕಡೆ ಬಾಡಿಗಿ ಏರಿಸಬೇಕು ಅಂತ ಮಾತು ಬಂತು. ಸಿಂಧನೂರು ಟ್ರಿಪ್ಪಿಗೆ ಕುಡಿಯೋದು ಹನ್ನೊಂದು ಲೀಟರ್ ಒಳಗ. 2 ರೂಪಾಯಿ ಏರಿದ್ರ ಟ್ರಿಪ್ಪಿಗೆ 21-22 ರೂಪಾಯಿ ಜಾಸ್ತಿ. ಒಂದು ತಾಸು ಸುಮ್ನ ನಿಂತ್ರ 156. ಡೀಸೆಲ್ ಏರಿಕಿ ಕಣ್ಣಿಗೆ ಕಾಣ್ತೈತಿ, ಬೋರ್ಡ್ ಮ್ಯಾಲೆ ಬರೆದಿರ್ತೈತಿ, ಅದಕ್ಕ ಅದರ ಬಗ್ಗೆ ಮಾತಾಡ್ತೀವಿ; ವೇಟಿಂಗ್ ಬಗ್ಗೆ ಬಿಲ್ ಯಾರೂ ಬರೆಯಂಗಿಲ್ಲ.

ಫಿಕ್ಸ್ ರೇಟಿನ ಇನ್ನೊಂದು ಹಾಳು ಅಂದ್ರ ಓವರ್‌ಲೋಡ್. ಟ್ರಿಪ್ಪಿಗೆ ಇಷ್ಟು ಅಂತ ಆದ್ಮ್ಯಾಲೆ ಇನ್ನೆರಡು ಬಂಡಲ್ ಹಾಕ್ರಿ, ಇನ್ನ ನಾಲ್ಕು ಚೀಲ ಹಾಕ್ರಿ ಅಂತಾರ, 750 ಕೆಜಿ ಗಾಡಿಗೆ ಟನ್ ದಾಟ್ತೈತಿ. 2019ರ ತಿದ್ದುಪಡಿ ಆದ ಮ್ಯಾಲೆ ಮೋಟಾರು ವಾಹನ ಕಾಯ್ದಿ 194ನೇ ಸೆಕ್ಷನ್ ಪ್ರಕಾರ ಓವರ್‌ಲೋಡ್ ದಂಡ 20,000, ಮ್ಯಾಲೆ ಹೆಚ್ಚುವರಿ ಟನ್ನಿಗೆ 2,000. ಏಳೆಂಟು ಸಿಂಧನೂರು ಟ್ರಿಪ್ಪಿನ ಬಾಡಿಗಿ ಒಂದೇ ಚೀಟಿನಾಗ ಹೋಗ್ತೈತಿ. ಬ್ಯಾಡಗಿಗೆ ಮೆಣಸಿನಕಾಯಿ ಒಯ್ಯೋ ಸೀಸನ್ನಿನಾಗ ಚೀಲದ ಲೆಕ್ಕದ ಬಾಡಿಗಿ ಇರ್ತೈತಲ್ಲ, ಅದೂ ಒಂದು ತರದ ಫಿಕ್ಸ್ ರೇಟೇ, ಅಲ್ಲಿ ಓವರ್‌ಲೋಡ್ ಆಸೆ ಗಾಡಿಯವನಿಗೇ ಹುಟ್ಟತೈತಿ, ಹೆಚ್ಚು ಚೀಲ ಹಾಕಿದಷ್ಟು ದುಡ್ಡು. ಟೆಂಡರ್ ಆಗಿ ತೂಕ ಆಗೋವರೆಗೂ ರೈತರು ಅಲ್ಲೇ ಇರ್ತಾರ, ಅವರಿಗೆ ಕಾದು ವಾಪಸ್ ಕರ್ಕೊಂಡು ಬರೋದಾದ್ರ ಆ ಕಾಯೋ ಹೊತ್ತಿನ ದುಡ್ಡು ಚೀಲದ ರೇಟಿನಾಗ ಕೂಡಸಿರಬೇಕು, ಕೂಡಸಿರಂಗಿಲ್ಲ.

ಹಂಗಾದ್ರ ಎಂಥಾ ರೇಟ್ ಸರಿ? ನಮ್ಮ ಕಡೆ ಹಳೇದೊಂದು ಪದ್ಧತಿ ಐತಿ, "ಡೀಸೆಲ್ ನಿಮ್ದು, ದಿನಕ್ಕ ಇಷ್ಟು" ಅಂತ. ಟೆಂಟಿನವರು, ಮದುವಿ ಸಾಮಾನು ಸಾಗಿಸೋರು ಹಿಂಗೇ ಮಾತಾಡೋದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಪ್ರಾಮಾಣಿಕ ಲೆಕ್ಕ, ಯಾಕಂದ್ರ ಗಾಡಿ ಖರ್ಚು ನಿಜವಾಗಿ ಹೆಂಗ ಐತೋ ಹಂಗೇ ಎರಡು ಪಾಲು ಮಾಡ್ತೈತಿ: ದಿನದ್ದು ಬ್ಯಾರೆ, ಓಡಿದ್ದು ಬ್ಯಾರೆ. ಇದನ್ನೇ ಸ್ವಲ್ಪ ತಿದ್ದಿ ಗೂಡ್ಸ್ ಟ್ರಿಪ್ಪಿಗೆ ಹಾಕಿದ್ರ ಇಡೀ ದಿನದ ಬಾಡಿಗಿಗೆ ಗಾಡಿ ದಿನ 1,250, ಮ್ಯಾಲೆ ಹೋದ ಬಂದ ಒಟ್ಟು ಕಿಲೋಮೀಟರಿಗೆ ಏಳೂವರಿ, 180ಕ್ಕ 1,350. ಅದೇ 2,600 ಬಂತು ನೋಡ್ರಿ, ಅದರ ಮ್ಯಾಲೆ ನಿಮ್ಮ ಲಾಭ. ಲೋಡಿಂಗ್ ಅನ್‌ಲೋಡಿಂಗ್ ಸೇರಿ ಮೂರು ತಾಸು ಇದ್ರಾಗ ಬಂತು, ಆಮ್ಯಾಲಿನ ಪ್ರತಿ ತಾಸಿಗೆ 150. ಹಿಂಗ ಹೇಳಿದಾಗ ಖಾಲಿ ಬರೋದಕ್ಕ ದುಡ್ಡು ಕೇಳಿದಂಗೂ ಅನ್ಸಂಗಿಲ್ಲ, ಗಾಡಿ ಎಷ್ಟು ಓಡ್ತೈತೋ ಅಷ್ಟಕ್ಕ ಕೇಳಿದಂಗ ಆತು. ವೇಟಿಂಗ್ ರೇಟ್ ಹಾಕಿದ ಮ್ಯಾಲೆ ಇನ್ನೊಂದು ಕೆಲಸ ಆಗ್ತೈತಿ, ಮಾಲು ಕಳಿಸೋರೇ ಮುಂಚಿತ ಫೋನ್ ಮಾಡಿ "ಗಾಡಿ ಬರಾಕತ್ತೈತಿ, ಹಮಾಲರನ್ನ ಹೋಗಗೊಡಬ್ಯಾಡ್ರಿ" ಅಂತ ಹೇಳ್ತಾರ. ಕಾಯೋ ದುಡ್ಡು ಗಾಡಿಯವನ ಜೇಬಿಂದ ಹೋಗುವಾಗ ಆ ಫೋನ್ ಯಾರೂ ಮಾಡಂಗಿಲ್ಲ.

ಈಗ ರಿಟರ್ನ್ ಲೋಡ್. ಎಲ್ಲರೂ ಇದರ ಆಸಿ ಮ್ಯಾಲೇ ರೇಟ್ ಇಳಿಸೋದು, "ಬರುವಾಗ ಏನಾರ ಸಿಕ್ತೈತಿ ಬಿಡು" ಅಂತ. ಸಿಂಧನೂರಾಗ ಒಬ್ರು ಬಳ್ಳಾರಿಗೆ ಒಂದಿಷ್ಟು ಅಕ್ಕಿ ಚೀಲ ಒಯ್ಯಿ, 900 ಕೊಡ್ತೀನಿ ಅಂದ್ರು ಅನ್ನೋಣ. ಹೆಂಗೂ ಬರೋ ಗಾಡಿ, ಜಾಸ್ತಿ ಖರ್ಚಾಗೋದು 115 ಮಾತ್ರ, ಕೈಗೆ 785. ಬಿಡೋ ಮಾತೇ ಇಲ್ಲ. ಆದ್ರ ಆ ಲೋಡಿಗೆ ಕಾಯಬೇಕು ಅಂದ್ರ ತಾಸಿಗೆ 156 ಕಳೀತಾ ಹೋಗ್ರಿ, ಐದು ತಾಸಿಗೆ 785 ಸೊನ್ನಿ ಆತು. "ಇವತ್ತು ಇಲ್ಲೇ ಇರು, ಬೆಳಿಗ್ಗೆ ತುಂಬಿ ಕಳಿಸ್ತೀನಿ" ಅಂದ್ರ ಅದು ಲೋಡಲ್ಲ, ಲುಕ್ಸಾನ: ಮರುದಿನ ಅರ್ಧ ಹೋತು, ರಾತ್ರಿ ಊಟ ಬ್ಯಾರೆ, ಮರುದಿನ ಬಳ್ಳಾರ್‍ಯಾಗ ಸಿಗಬೇಕಾಗಿದ್ದ ಬಾಡಿಗಿ ಇನ್ನೊಬ್ಬನ ಗಾಡಿಗೆ ಹೋತು. ಆ ಮರುದಿನದ ಬಾಡಿಗಿ ಖರೇನೇ ಇತ್ತಾ ಅನ್ನೋದೂ ನೋಡಬೇಕು, ಸೀಸನ್ ಇಲ್ಲದಾಗ ಹೆಂಗೂ ಸ್ಟ್ಯಾಂಡಿನಾಗ ನಿಲ್ಲೋ ಗಾಡಿ ಆಗಿದ್ರ ಕಾಯೋದ್ರಾಗ ತಪ್ಪಿಲ್ಲ.

ಹೋಗೋ ಬಾಡಿಗಿಯಾಗ ಎಷ್ಟು ಇಳಿಸಬಹುದು ಅನ್ನೋದಕ್ಕ ಒಂದು ಸರಳ ಲೆಕ್ಕ ಐತಿ. ಆ ರೂಟಿನಾಗ ಹತ್ತು ಸಲ ಹೋದ್ರ ಮೂರು ಸಲ ಕಾಯ್ದೇ ರಿಟರ್ನ್ ಸಿಗ್ತೈತಿ ಅಂತ ಇಟ್ಕೊಳ್ರಿ. ಮೂರು ಸಲ 785 ಅಂದ್ರ 2,355, ಹತ್ತು ಟ್ರಿಪ್ಪಿಗೆ ಹಂಚಿದ್ರ ತಲಾ 235. ಅಂದ್ರ ಮುಂಗಡ ಡಿಸ್ಕೌಂಟ್ 235 ದಾಟಬಾರದು. ಆದ್ರ ರಿಟರ್ನ್ ಆಸಿಗೆ ಮಂದಿ ಟ್ರಿಪ್ಪಿಗೆ 500 ಇಳಿಸ್ತಾರ, ಹತ್ತು ಟ್ರಿಪ್ಪಿಗೆ 5,000 ಬಿಟ್ಟು 2,355 ಗಳಿಸಿದಂಗ. ಸಿಕ್ಕ ಆ ಮೂರು ಸಲದ ಖುಷಿ ನೆನಪಿರ್ತೈತಿ, ಖಾಲಿ ಬಂದ ಏಳು ಸಲ ಮರ್ತುಹೋಗ್ತೈತಿ, ಅದಕ್ಕೇ ಎರಡು ತಿಂಗಳು ನೋಟ್‌ಬುಕ್ಕಿನಾಗ ಊರಿನ ಹೆಸರು ಮುಂದ "ಖಾಲಿ" ಅಥವಾ "ಲೋಡ್" ಅಂತ ಒಂದು ಗುರುತು ಹಾಕಿಡ್ರಿ ಅಂತ ಗಾಡಿಯವರಿಗೆ ಹೇಳ್ತೀನಿ ನಾನು.

ಈ ಆಸೆ ಪೂರ್ತಿ ಕೈ ಕೊಡೋದು ಸುಗ್ಗ್ಯಾಗ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ಕೊಯ್ಲಿಗೆ ಬಂದಾಗ ಎಲ್ಲಾ ಗಾಡಿ ಹಳ್ಳಿಯಿಂದ ಮಿಲ್ ಕಡೆ ಒಂದೇ ದಿಕ್ಕಿಗೆ ಹೋಗ್ತಾವ, ವಾಪಸ್ ಹಳ್ಳಿಗೆ ಒಯ್ಯಾಕ ಅಷ್ಟು ಮಾಲು ಎಲ್ಲೈತಿ? ಅಲ್ಲಿ ರಿಟರ್ನ್ ಅವಕಾಶ ಸೊನ್ನಿ ಅಂತನೇ ಹಿಡಿದು ಪೂರ್ತಿ ಅಪ್-ಡೌನ್ ಕೇಳೋದು ದುರಾಸಿ ಅಲ್ಲ. ರೈತರಿಗೆ ಆ ಹೊತ್ತಿನಾಗ ರೇಟ್ ಜಾಸ್ತಿ ಅನ್ಸೋದು ಸಹಜ, ಆದ್ರ ಅದು ಎರಡು ಕಡಿ ಓಡೋ ಗಾಡಿ ರೇಟು.

ಸೀಸನ್ ಮುಗಿದು, ಎರಡನೇ ಬೆಳಿಗೆ ಕಾಲುವಿ ನೀರು ಬರಲಿಲ್ಲಂದ್ರ ಇದೆಲ್ಲಾ ಉಲ್ಟಾ. ತಿಂಗಳಿಗೆ 24 ದಿನ ಇದ್ದ ಕೆಲಸ 15 ದಿನಕ್ಕ ಬಂದ್ರ ದಿನದ ಖರ್ಚು 1,250 ಅಲ್ಲ, 2,000. ಖರ್ಚು ಏರಿದಾಗಲೇ ರೇಟ್ ಇಳಿಸೋ ಪೈಪೋಟಿ ಶುರುವಾಗ್ತೈತಿ, ಯಾಕಂದ್ರ ಕಂತಿನ ತಾರೀಕು ಬಂದಿರ್ತೈತಿ. ನಿಂತ ಗಾಡಿಗೆ ಸಿಂಧನೂರು ಟ್ರಿಪ್ 1,800ಕ್ಕ ಬಂದ್ರೂ ಓಡಿದ ಖರ್ಚು 1,345 ಕಳೆದು 455 ಕೈಗೆ ಬರ್ತೈತಿ, ಸುಮ್ನ ನಿಲ್ಲೋದಕ್ಕಿಂತ ವಾಸಿ ಅಂತ ಹೋಗ್ತಾನ. ಒಂದು ದಿನಕ್ಕ ಅದು ಸರಿಯಾದ ಲೆಕ್ಕನೇ, ಬೈಯಾಕ ಆಗಂಗಿಲ್ಲ. ತೊಂದ್ರಿ ಏನಂದ್ರ ಸಾವ್ಕಾರ್ರು ಆ 1,800ನ್ನ ನೆನಪಿಟ್ಕೊಂಡು ಮುಂದಿನ ಸೀಸನ್ನಿಗೂ ಅದನ್ನೇ ಹೇಳ್ತಾರ. ರಿಟರ್ನ್ ಲೋಡನ್ನ ಬರೀ ಡೀಸೆಲ್ ದುಡ್ಡಿಗೆ ಹೊತ್ಕೊಂಡು ಬರೋದ್ರಾಗೂ ಇದೇ ಐತಿ: ನಿಮಗ ಅದು ವಾಪಸ್ ಬರೋ ದಾರಿ, ಸಿಂಧನೂರು ಸ್ಟ್ಯಾಂಡಿನ ಗಾಡಿಯವನಿಗೆ ಅದೇ ಹೋಗೋ ಬಾಡಿಗಿ. ನೀವು 300ಕ್ಕ ತಂದ್ರ ಅವನ ರೇಟ್ ಮುರೀತೈತಿ, ನಾಳೆ ಅವನು ಬಳ್ಳಾರಿಗೆ ಬಂದಾಗ ನಿಮ್ಮದನ್ನ ಮುರೀತಾನ. ಅದಕ್ಕ ರಿಟರ್ನ್ ಆದ್ರೂ ಪೂರ್ತಿ ಬಾಡಿಗಿ ಸುಮಾರು ಮೂರನೇ ಒಂದು ಭಾಗಕ್ಕಿಂತ ಕೆಳಗ ಇಳೀಬ್ಯಾಡ್ರಿ ಅಂತೀನಿ.

ಕಾಯಂ ಗಿರಾಕಿ ಇದ್ರ ಇನ್ನೂ ಛಲೋ ದಾರಿ ಒಂದೈತಿ. ಬಾಡಿಗಿ ಪೂರ್ತಿ ಅಪ್-ಡೌನ್ ಲೆಕ್ಕದಾಗೇ ಮಾತಾಡೋದು, ಆದ್ರ "ರಿಟರ್ನ್ ಸಿಕ್ಕರ ಅದರ ಅರ್ಧ ನಿಮಗ ಬಿಡ್ತೀನಿ ಸಾವ್ಕಾರ್ರೇ" ಅಂತ ಮೊದಲೇ ಹೇಳೋದು. 900ರ ಲೋಡ್ ಸಿಕ್ರ 785ರಾಗ ಸುಮಾರು 400 ಅವರಿಗೆ ಕಮ್ಮಿ. ಲಾಭ ಬರೀ ಆ 400 ಅಲ್ಲ. ಸಿಂಧನೂರಾಗ ಯಾರ ಅಂಗಡ್ಯಾಗ ಬಳ್ಳಾರಿಗೆ ಹೋಗೋ ಮಾಲೈತಿ ಅನ್ನೋದು ಡ್ರೈವರಿಗಿಂತ ವ್ಯಾಪಾರಸ್ಥರಿಗೇ ಜಾಸ್ತಿ ಗೊತ್ತಿರ್ತೈತಿ, ಅವರಿಗೆ ಪಾಲಿದ್ದಾಗ ಹಿಂದಿನ ದಿನ ಸಂಜಿಗೇ ನಾಲ್ಕು ಫೋನ್ ಮಾಡಿ ಲೋಡ್ ಹುಡುಕಿಡ್ತಾರ, ಗಾಡಿ ಕಾಯೋದೂ ತಪ್ತೈತಿ. ಇದಕ್ಕ ಮಿತಿನೂ ಐತಿ: ರಿಟರ್ನ್ ಮಾಲು ಏನು ಅನ್ನೋದನ್ನ ಕೇಳೇ ಒಪ್ಪಬೇಕು. ಗೊಬ್ಬರ, ಬೆಳಿಗೆ ಹೊಡಿಯೋ ಎಣ್ಣಿ ಔಷಧ ಹೇರಿಕೊಂಡು ಬಂದ ಗಾಡ್ಯಾಗ ಮರುದಿನ ಅಕ್ಕಿ ಹಾಕಂಗಿಲ್ಲ, ಮೆಣಸಿನಕಾಯಿ ಪುಡಿ ಉದುರಿದ ಟ್ರಾಲ್ಯಾಗ ಬಳ್ಳಾರಿ ಜೀನ್ಸ್ ಬಂಡಲ್ ಹಾಕಿದ್ರ ಪಾರ್ಟಿ ಮಾಲು ವಾಪಸ್ ಕಳಿಸ್ತಾರ. ಟ್ರಾಲಿ ತೊಳೆದು ಒಣಗಿಸಾಕ ಎರಡು ತಾಸು ಬೇಕು, ಅಂದ್ರ 312 ರೂಪಾಯಿ, ಅದನ್ನೂ ಆ 785ರಾಗ ಕಳೆದೇ ಪಾಲು ಹಂಚ್ಕೋಬೇಕು.